ಫೋಟೊದಲ್ಲಿರುವ ದೋಸೆಯೇ ತಟ್ಟೆಗೆ ಬರಲಿ

ಸಣ್ಣ ಹೋಟೆಲಿನ ತಿಂಡಿಯನ್ನು ಫೋನಿನಲ್ಲಿ ಚೆಂದಕ್ಕೆ ಸೆರೆಹಿಡಿಯುವುದು ಹೇಗೆ, ಚೆಂದಕ್ಕೂ ಸುಳ್ಳಿಗೂ ನಡುವಿನ ಗೆರೆ ಎಲ್ಲಿದೆ?

ಹಂಚಿನಿಂದ ಈಗಷ್ಟೇ ಎದ್ದ ಬೆಣ್ಣೆ ದೋಸೆಗೆ ಅಲಂಕಾರ ಬೇಕಿಲ್ಲ. ಅಂಚು ಕಂದು, ನಡು ಹೊಂಬಣ್ಣ, ಮೇಲೆ ಕರಗುತ್ತಿರುವ ಬೆಣ್ಣೆ. ಅದನ್ನೇ ಟೇಬಲಿನ ಮೇಲಿಟ್ಟು ಫೋನಿನಲ್ಲಿ ತೆಗೆದು ನೋಡಿ. ದೋಸೆ ಮಂಕು ಹಳದಿಯಾಗಿರುತ್ತದೆ, ಕಾಯಿ ಚಟ್ನಿಗೆ ಹಸಿರು ಛಾಯೆ ಬಂದಿರುತ್ತದೆ, ಸ್ಟೀಲ್ ತಟ್ಟೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಗೆರೆ, ಪಲ್ಯದ ಮೇಲೆ ಫೋನ್ ಹಿಡಿದ ಕೈಯದೇ ನೆರಳು. ಆಗ ಹೋಟೆಲ್ ಮಾಲೀಕರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಇಂಟರ್‌ನೆಟ್‌ನಿಂದ ಯಾರದೋ ದೋಸೆಯ ಚಿತ್ರ ಇಳಿಸಿಕೊಂಡು ಮೆನುವಿಗೆ ಹಾಕುವುದು ಒಂದು. ತಮ್ಮದೇ ಚಿತ್ರಕ್ಕೆ ಫಿಲ್ಟರ್ ಹಾಕಿ ದೋಸೆಯನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವುದು ಇನ್ನೊಂದು. ಮೊದಲನೆಯದು ಬೇರೆಯವರ ಸೊತ್ತನ್ನು ಕೇಳದೆ ಎತ್ತಿಕೊಂಡಂತೆ. ಎರಡನೆಯದು ಗಿರಾಕಿಗೆ ಸಿಗದ ದೋಸೆಯನ್ನು ತೋರಿಸಿದಂತೆ.

ಎರಡೂ ಬೇಕಾಗಿಲ್ಲ. ಫೋನಿನ ಚಿತ್ರ ಕೆಡುವುದು ಬಹುತೇಕ ಮೂರು ಕಾರಣಕ್ಕೆ: ಬೆಳಕು ತಪ್ಪು ದಿಕ್ಕಿನಿಂದ ಬಿದ್ದಿರುತ್ತದೆ, ಎಷ್ಟು ಬೆಳಕು ಬೇಕೆಂಬುದನ್ನು ಫೋನು ತಪ್ಪಾಗಿ ಲೆಕ್ಕ ಹಾಕಿರುತ್ತದೆ, ಅಥವಾ ತಿಂಡಿ ತನ್ನ ಸಮಯ ಮೀರಿ ಟೇಬಲಿನ ಮೇಲೆ ಕಾದಿರುತ್ತದೆ. ಮೂರರಲ್ಲಿ ಒಂದೂ ಅಡುಗೆಯವರ ತಪ್ಪಲ್ಲ. ಮೂರನ್ನೂ ತಟ್ಟೆಗೆ ಏನೂ ಹೊಸದಾಗಿ ಸೇರಿಸದೆ ಸರಿಪಡಿಸಬಹುದು. ದಾವಣಗೆರೆ ಕಡೆಯ ಒಂದು ಸಣ್ಣ ಹೋಟೆಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಗ್ಗೆ ಬೆಣ್ಣೆ ದೋಸೆ, ಇಡ್ಲಿ. ಮಧ್ಯಾಹ್ನ ಮುದ್ದೆ ಊಟ. ಕ್ಯಾಮೆರಾ ಎಂದರೆ ಗಲ್ಲಾದಲ್ಲಿ ಕೂತವರ ಫೋನ್, ಅಷ್ಟೆ.

ಬೆಳಕು ಎಲ್ಲಿಂದ ಬೀಳಬೇಕು

ಮೊದಲ ಕೆಲಸ ಫೋನಿನ ಲೆನ್ಸ್ ಒರೆಸುವುದು. ಹೋಟೆಲಿನಲ್ಲಿ ಓಡಾಡುವ ಫೋನಿನ ಲೆನ್ಸಿನ ಮೇಲೆ ಎಣ್ಣೆ ಕೈಯ ಗುರುತು ಇದ್ದೇ ಇರುತ್ತದೆ. ಇಡೀ ಚಿತ್ರದ ಮೇಲೆ ತೆಳು ಮಂಜು ಕವಿದ ಹಾಗೆ ಕಂಡರೆ, ದೀಪದ ಸುತ್ತ ಬೆಳಕಿನ ಬಾಲ ಎದ್ದರೆ, ಅದು ಜಿಡ್ಡಿನದೇ ಕೆಲಸ. ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಟೇಬಲ್ ಒರೆಸುವ ಬಟ್ಟೆ ಮಾತ್ರ ಬೇಡ.

ಎರಡನೆಯ ಕೆಲಸ ದೀಪ ಆರಿಸುವುದು. ಇದು ವಿಚಿತ್ರ ಎನಿಸಬಹುದು, ಆದರೆ ಬಣ್ಣ ಕೆಡುವ ಮೂಲ ಇಲ್ಲಿದೆ. ಕಿಟಕಿಯ ಹಗಲು ಬೆಳಕಿಗೆ ಕೊಂಚ ನೀಲಿ ಛಾಯೆ ಇರುತ್ತದೆ, ಹಳದಿ ಬಲ್ಬಿಗೆ ಕಿತ್ತಳೆ ಛಾಯೆ, ಕೆಲವು ಟ್ಯೂಬ್‌ಲೈಟುಗಳಿಗೆ ಹಸಿರು ಛಾಯೆ. ನಮ್ಮ ಕಣ್ಣು ಇವನ್ನೆಲ್ಲ ಮನಸ್ಸಿನಲ್ಲೇ ಸರಿದೂಗಿಸಿಕೊಂಡು ಚಟ್ನಿಯನ್ನು ಬಿಳಿಯಾಗಿಯೇ ನೋಡುತ್ತದೆ. ಫೋನು ಕೂಡ ಸರಿದೂಗಿಸಲು ನೋಡುತ್ತದೆ. ಆದರೆ ಒಂದು ಬಗೆಯ ಬೆಳಕನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಅದಕ್ಕೇ ತಟ್ಟೆಯ ಒಂದು ಬದಿ ನೀಲಿ, ಇನ್ನೊಂದು ಬದಿ ಹಳದಿ. ಕಿಟಕಿ ಅಥವಾ ಬಾಗಿಲ ಹತ್ತಿರದ ಟೇಬಲ್ ಆರಿಸಿಕೊಂಡು ಆ ಮೂಲೆಯ ದೀಪಗಳನ್ನು ಹತ್ತು ನಿಮಿಷ ಆರಿಸಿದರೆ ಈ ತಾಪತ್ರಯ ಮುಗಿಯಿತು.

ಕಿಟಕಿಯಿಂದ ಎರಡು ಮೂರು ಅಡಿ ದೂರದಲ್ಲಿ ತಟ್ಟೆ ಇರಲಿ. ನೇರ ಬಿಸಿಲು ಬೀಳಬಾರದು. ಬಿಸಿಲಿನಲ್ಲಿ ಬೆಣ್ಣೆಯ ಹೊಳಪು ಸುಟ್ಟ ಬಿಳಿ ಚುಕ್ಕೆಯಾಗುತ್ತದೆ, ಬಟ್ಟಲಿನ ನೆರಳು ಕಪ್ಪಗೆ ಕೊರೆದಂತೆ ಬೀಳುತ್ತದೆ. ಉತ್ತರದ ಕಿಟಕಿ ಹುಡುಕಿ ಎಂದು ಛಾಯಾಗ್ರಹಣದ ಪುಸ್ತಕಗಳು ಹೇಳುವುದು ಇದೇ ಕಾರಣಕ್ಕೆ. ಆ ಮಾತು ಯುರೋಪಿಗೆ ವರ್ಷಪೂರ್ತಿ ಸರಿಹೋಗಬಹುದು. ನಮ್ಮಲ್ಲಿ ಹಾಗಲ್ಲ. ದಾವಣಗೆರೆಯಂಥ ಊರಿನಲ್ಲಿ ಮೇ, ಜೂನ್, ಜುಲೈ ತಿಂಗಳಲ್ಲಿ ನಡುಹಗಲ ಸೂರ್ಯನೂ ಉತ್ತರಕ್ಕೆ ವಾಲಿರುತ್ತಾನೆ, ಆಗ ಉತ್ತರದ ಕಿಟಕಿಯಲ್ಲೂ ಬಿಸಿಲು ಇಣುಕುತ್ತದೆ. ಆದ್ದರಿಂದ ದಿಕ್ಕನ್ನು ನಂಬುವುದಕ್ಕಿಂತ ಟೇಬಲಿನ ಮೇಲೆ ಕೈ ಹಿಡಿದು ನೋಡುವುದು ವಾಸಿ. ನೆರಳಿನ ಅಂಚು ಚೂಪಾಗಿದ್ದರೆ ಬೆಳಕು ಗಡಸು, ಅಂಚು ಮಸುಕಾಗಿದ್ದರೆ ಮೆದು. ಬೇಕಾದದ್ದು ಮೆದು ಬೆಳಕು. ಗಡಸಾಗಿದ್ದರೆ ಕಿಟಕಿಗೆ ತೆಳ್ಳನೆಯ ಬಿಳಿ ಪಂಚೆಯನ್ನು ಒಂದೇ ಪದರವಾಗಿ ಇಳಿಬಿಡಿ.

ಇನ್ನು ದಿಕ್ಕು. ಫೋನ್ ಹಿಡಿದವರ ಬೆನ್ನ ಹಿಂದಿನಿಂದ ಬೆಳಕು ಬಿದ್ದರೆ ದೋಸೆ ಚಪ್ಪಟೆ ಕಾಗದದಂತೆ ಕಾಣುತ್ತದೆ. ಫ್ಲ್ಯಾಶ್ ಮಾಡುವುದೂ ಇದನ್ನೇ. ದೋಸೆಯ ಗುಣ ಇರುವುದು ಅದರ ಮೇಲ್ಮೈಯ ತೂತು, ಉಬ್ಬು, ಗರಿ ಅಂಚುಗಳಲ್ಲಿ. ಪ್ರತಿ ತೂತಿಗೂ ಒಂದು ಪುಟ್ಟ ನೆರಳು ಬಿದ್ದಾಗಲೇ ಅದು ಕಣ್ಣಿಗೆ ತೋರುವುದು. ಹಾಗಾಗಿ ಬೆಳಕು ತಟ್ಟೆಯ ಆಚೆಬದಿಯಿಂದ, ಸ್ವಲ್ಪ ಎಡಕ್ಕೋ ಬಲಕ್ಕೋ ಸರಿದು, ನಿಮ್ಮತ್ತ ಬರಬೇಕು. ಆಗ ಕರಗಿದ ಬೆಣ್ಣೆ ಮಿನುಗುತ್ತದೆ, ಅಂಚಿನ ಗರಿ ಎದ್ದು ಕಾಣುತ್ತದೆ, ಬಿಸಿ ಹಬೆ ಇದ್ದರೆ ಅದೂ ಕಾಣುತ್ತದೆ. ಹಬೆ ಕಾಣಿಸಲು ಇನ್ನೊಂದು ಷರತ್ತಿದೆ: ಹಿಂದೆ ಕಪ್ಪಾದ ಏನಾದರೂ ಇರಬೇಕು, ಹಳೆಯ ಮರದ ಬಾಗಿಲೋ, ನೆರಳಿನ ಗೋಡೆಯೋ. ಬಿಳಿ ಗೋಡೆಯ ಮುಂದೆ ಎಷ್ಟೇ ಹಬೆ ಎದ್ದರೂ ಫೋನಿಗೆ ಕಾಣದು.

ಆಚೆಯಿಂದ ಬೆಳಕು ಬಂದಾಗ ತಟ್ಟೆಯ ಈಚೆಬದಿ ಕಪ್ಪಾಗುತ್ತದೆ. ಅಲ್ಲಿಗೆ ಒಂದು ಬಿಳಿ ಡ್ರಾಯಿಂಗ್ ಶೀಟನ್ನೋ, ಥರ್ಮೋಕೋಲ್ ಹಾಳೆಯನ್ನೋ ನಿಲ್ಲಿಸಿದರೆ ಕಿಟಕಿಯ ಬೆಳಕು ಅದಕ್ಕೆ ತಾಗಿ ಹಿಂದಿರುಗಿ ನೆರಳನ್ನು ತಿಳಿಯಾಗಿಸುತ್ತದೆ. ಗೋಡೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯೂ ಆದೀತು. ಸ್ಟೀಲ್ ತಟ್ಟೆಗಂತೂ ಈ ಹಾಳೆ ಬೇಕೇ ಬೇಕು, ಏಕೆಂದರೆ ಸ್ಟೀಲಿಗೆ ಸ್ವಂತ ಬಣ್ಣ ಇಲ್ಲ, ಎದುರಿಗೆ ಏನಿದೆಯೋ ಅದೇ ಅದರ ಬಣ್ಣ. ಫೋಟೊ ತೆಗೆಯುವವರು ಕೆಂಪು ಶರ್ಟ್ ಹಾಕಿದ್ದರೆ ತಟ್ಟೆಯ ಅಂಚಿಗೆ ಕೆಂಪು ಹತ್ತುತ್ತದೆ. ಬಿಳಿ ಹಾಳೆ ಎದುರಿಗಿದ್ದರೆ ಸ್ಟೀಲ್ ಬೆಳ್ಳಗೆ, ಶುಚಿಯಾಗಿ ಕಾಣುತ್ತದೆ. ಚೆಂದ ಕಾಣಲೆಂದು ಹೋಟೆಲಿನಲ್ಲಿ ಎಂದೂ ಬಳಸದ ಪಿಂಗಾಣಿ ತಟ್ಟೆ ತರುವುದು ಬೇಡ. ಸ್ಟೀಲ್ ತಟ್ಟೆ ಈ ಹೋಟೆಲಿನ ಗುರುತು.

ಇಡ್ಲಿ ಯಾಕೆ ಮಂಕು, ಮುದ್ದೆ ಯಾಕೆ ಬಿಳಿಚು

ಬೆಳಕಿನ ದಿಕ್ಕು ಸರಿಯಾದರೂ ಒಂದು ತೊಂದರೆ ಉಳಿಯುತ್ತದೆ. ಬಿಳಿ ತಟ್ಟೆಯಲ್ಲಿ ಇಟ್ಟ ಇಡ್ಲಿ ಫೋಟೊದಲ್ಲಿ ಮಾಸಿದ ಬಟ್ಟೆಯ ಬಣ್ಣಕ್ಕೆ ಬರುತ್ತದೆ. ಮಧ್ಯಾಹ್ನ ತೆಗೆದ ರಾಗಿ ಮುದ್ದೆಯೋ, ತನ್ನ ಕಡು ಕಂದು ಬಿಟ್ಟು ಬಿಳಿಚಿಕೊಂಡಿರುತ್ತದೆ. ಒಂದೇ ಫೋನು, ಒಂದೇ ಕಿಟಕಿ, ತಪ್ಪು ಮಾತ್ರ ಎದುರುಬದುರು.

ಕಾರಣ ಸರಳ. ಎದುರಿಗಿರುವುದು ಇಡ್ಲಿಯೋ ಮುದ್ದೆಯೋ ಎಂಬುದು ಬೆಳಕು ಅಳೆಯುವ ಲೆಕ್ಕಕ್ಕೆ ಗೊತ್ತಿರುವುದಿಲ್ಲ. ಚೌಕಟ್ಟಿನಲ್ಲಿ ಕಾಣುವ ಬೆಳಕನ್ನೆಲ್ಲ ಒಟ್ಟುಮಾಡಿ ಅದನ್ನು ನಡುಮಟ್ಟದ ಬೂದು ಬಣ್ಣದ ಹತ್ತಿರಕ್ಕೆ ತರಲು ಕ್ಯಾಮೆರಾ ನೋಡುತ್ತದೆ. ಎಲ್ಲವೂ ಬಿಳಿಯಾಗಿದ್ದರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ಎಲ್ಲವೂ ಕಪ್ಪಾಗಿದ್ದರೆ ಸಾಲದೆಂದು ಏರಿಸುತ್ತದೆ. ಹೊಸ ಫೋನುಗಳು ಎದುರಿಗಿರುವ ವಸ್ತುವನ್ನು ಊಹಿಸಿ ಇದನ್ನು ಕೊಂಚ ಸರಿಪಡಿಸುತ್ತವೆ, ಆದರೂ ಇಡ್ಲಿ ಮತ್ತು ಮುದ್ದೆಯ ವಿಷಯದಲ್ಲಿ ಎಡವುವುದು ನಿಂತಿಲ್ಲ.

ಪರಿಹಾರ ಬೆರಳ ತುದಿಯಲ್ಲೇ ಇದೆ. ಪರದೆಯ ಮೇಲೆ ತಿಂಡಿಯನ್ನು ಒಮ್ಮೆ ಮುಟ್ಟಿದರೆ ಒಂದು ಚೌಕವೋ ವೃತ್ತವೋ ಮೂಡುತ್ತದೆ, ಪಕ್ಕದಲ್ಲಿ ಸೂರ್ಯನ ಚಿಹ್ನೆ ಕಾಣುತ್ತದೆ. ಅದನ್ನು ಮೇಲಕ್ಕೆ ಎಳೆದರೆ ಚಿತ್ರ ಬೆಳಗುತ್ತದೆ, ಕೆಳಕ್ಕೆ ಎಳೆದರೆ ತಗ್ಗುತ್ತದೆ. ಕೆಲವು ಫೋನುಗಳಲ್ಲಿ ಈ ಗೆರೆ ಅಡ್ಡಲಾಗಿರುತ್ತದೆ. ಇಡ್ಲಿಗೆ ಸ್ವಲ್ಪ ಮೇಲಕ್ಕೆ, ಮುದ್ದೆಗೆ ಸ್ವಲ್ಪ ಕೆಳಕ್ಕೆ. ಎಷ್ಟು ಎಂದರೆ, ಇಡ್ಲಿಯ ಮೇಲಿನ ಸಣ್ಣ ಸಣ್ಣ ರಂಧ್ರ ಇನ್ನೂ ಕಾಣುತ್ತಿರಬೇಕು. ಅದು ಮಾಯವಾಗಿ ಬರೀ ಬಿಳಿ ಉಂಡೆಯಾದರೆ ಎಳೆದದ್ದು ಹೆಚ್ಚಾಯಿತು. ಮುದ್ದೆಯಲ್ಲಿ ಕೈಯಿಂದ ಉರುಳಿಸಿದ ನುಣುಪು, ತೇವದ ಹೊಳಪು ಕಾಣಬೇಕು. ಅದು ಕಪ್ಪಿನಲ್ಲಿ ಮುಳುಗಿದರೆ ತಗ್ಗಿಸಿದ್ದು ಹೆಚ್ಚಾಯಿತು. ಬರೀ ಮುಟ್ಟುವ ಬದಲು ಮೊದಲೇ ಬೆರಳನ್ನು ಒತ್ತಿ ಹಿಡಿದು, ಆಮೇಲೆ ಗೆರೆ ಎಳೆದರೆ ಬಹುತೇಕ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕು ಎರಡಕ್ಕೂ ಬೀಗ ಬೀಳುತ್ತದೆ. ಮುಂದಿನ ಚಿತ್ರಗಳೆಲ್ಲ ಒಂದೇ ಹದದಲ್ಲಿ ಬರುತ್ತವೆ.

ಇನ್ನೊಂದು ಎಚ್ಚರಿಕೆ ದೂರದ ಬಗ್ಗೆ. ಫೋನಿನ ಮುಖ್ಯ ಲೆನ್ಸ್ ಅಗಲ ನೋಟದ್ದು. ಅದನ್ನು ತಟ್ಟೆಗೆ ಒಂದು ಗೇಣು ಹತ್ತಿರ ಒಯ್ದರೆ ಹತ್ತಿರದ ಅಂಚು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ, ದುಂಡು ತಟ್ಟೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಮುಂದಿಟ್ಟ ವಡೆ ಅಂಗೈಯಗಲ ಕಾಣುತ್ತದೆ. ಇದು ಬರೀ ವಿಕಾರವಲ್ಲ, ಗಾತ್ರದ ವಿಷಯದಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವುದೂ ಹೌದು. ಎರಡಡಿ ಹಿಂದೆ ಸರಿದು 2x ಒತ್ತಿ ತೆಗೆದರೆ ತಟ್ಟೆ, ವಡೆ, ಬಟ್ಟಲು ಎಲ್ಲವೂ ತಮ್ಮ ತಮ್ಮ ಅಳತೆಗೆ ಬರುತ್ತವೆ. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬೇಡ. ಸ್ಟೀಲ್ ಲೋಟದ ಅಂಚನ್ನೂ ದೋಸೆಯ ಗರಿಯನ್ನೂ ಅದು ತಪ್ಪಾಗಿ ಅಳಿಸಿಬಿಡುತ್ತದೆ.

ಬೆಣ್ಣೆ ಕರಗುವ ಮುನ್ನ

ಈಗ ದೋಸೆಯನ್ನೇ ತೆಗೆದುಕೊಳ್ಳೋಣ. ದಾವಣಗೆರೆ ಶೈಲಿಯಲ್ಲಿ ಸಾಂಬಾರ್ ಇರುವುದಿಲ್ಲ. ದೋಸೆ, ಮೇಲೆ ಬೆಣ್ಣೆ, ಆಲೂಗಡ್ಡೆ ಪಲ್ಯ, ತೆಳ್ಳನೆಯ ಕಾಯಿ ಚಟ್ನಿ. ನಾಲ್ಕೇ ವಸ್ತು, ಆದರೆ ನಾಲ್ಕಕ್ಕೂ ಆಯುಸ್ಸು ಬೇರೆ ಬೇರೆ. ಬೆಣ್ಣೆ ಬಿಸಿ ದೋಸೆಯ ಮೇಲೆ ಒಂದು ನಿಮಿಷವೂ ಉಂಡೆಯಾಗಿ ನಿಲ್ಲದು. ದೋಸೆಯ ಗರಿ ಕೆಲವೇ ನಿಮಿಷಗಳಲ್ಲಿ ಮೆತ್ತಗಾಗುತ್ತದೆ. ಪಲ್ಯದ ಮೇಲ್ಮೈ ಗಾಳಿಗೆ ಒಣಗಿ ಕಳೆಗುಂದುತ್ತದೆ. ಚಟ್ನಿ ನಿಂತಷ್ಟೂ ಅಂಚಿನಲ್ಲಿ ನೀರು ಬಿಟ್ಟುಕೊಂಡು ತಟ್ಟೆಯಲ್ಲಿ ಉಂಗುರ ಬರೆಯುತ್ತದೆ. ದೋಸೆ ಬಂದ ಮೇಲೆ ಟೇಬಲ್ ಸರಿಸಿ, ಕಿಟಕಿ ತೆರೆದು, ಫೋನಿನ ಕೋನ ಹುಡುಕುತ್ತ ಕೂತರೆ ನಾಲ್ಕೂ ಕೈಕೊಡುತ್ತವೆ.

ವೃತ್ತಿಯವರು ಇದಕ್ಕೆ ಬಳಸುವ ಉಪಾಯ ಹಳೆಯದು. ಎರಡು ತಟ್ಟೆ ಬೇಕು, ಒಂದು ತಾಲೀಮಿಗೆ, ಒಂದು ಚಿತ್ರಕ್ಕೆ. ಹಂಚು ಕಾಯುವಾಗ ಹಾಕಿದ ಮೊದಲ ದೋಸೆ ಹೇಗೂ ಅಷ್ಟು ಚೆನ್ನಾಗಿ ಏಳುವುದಿಲ್ಲ. ಅದನ್ನೇ ತಾಲೀಮಿಗೆ ಇಟ್ಟುಕೊಳ್ಳಿ. ಕಿಟಕಿ ಬಳಿಯ ಟೇಬಲಿನಲ್ಲಿ ಆ ದೋಸೆ, ಪಲ್ಯ, ಚಟ್ನಿ ಬಟ್ಟಲು ಇಟ್ಟು, ಬಿಳಿ ಹಾಳೆ ನಿಲ್ಲಿಸಿ, ಫೋನನ್ನು ಸಣ್ಣ ಸ್ಟ್ಯಾಂಡಿಗೋ ಸಕ್ಕರೆ ಡಬ್ಬಿಗೋ ಆನಿಸಿ ಕೋನ ಗೊತ್ತು ಮಾಡಿ. ದೋಸೆಗೆ ಓರೆ ಕೋನ ಒಪ್ಪುತ್ತದೆ, ಅಂದರೆ ಕುರ್ಚಿಯಲ್ಲಿ ಕೂತ ಗಿರಾಕಿಯ ಕಣ್ಣಿಗೆ ಕಾಣುವ ಕೋನ. ಮೇಲಿನಿಂದ ನೇರವಾಗಿ ತೆಗೆದರೆ ಅದರ ದಪ್ಪ, ಉಬ್ಬು ಕಾಣುವುದಿಲ್ಲ. ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಅಂಚಿನಲ್ಲಿ ಯಾರದೋ ಚಪ್ಪಲಿ, ನೀರಿನ ಜಗ್ಗು, ಬಿಲ್ಲಿನ ಚೀಟಿ ಇದ್ದರೆ ಈಗಲೇ ತೆಗೆಯಿರಿ. ತಟ್ಟೆ ಕೂರುವ ಜಾಗಕ್ಕೆ ಟೇಬಲಿನ ಮೇಲೆ ಸೀಮೆಸುಣ್ಣದಲ್ಲಿ ಚೌಕಟ್ಟಿಗೆ ಕಾಣದಷ್ಟು ಪುಟ್ಟ ಗುರುತು ಹಾಕಿ.

ಎಲ್ಲ ಸಿದ್ಧವಾದ ಮೇಲೆ ದೋಸೆ ಹಾಕುವವರಿಗೆ ಕೂಗಿ ಹೇಳಿ: “ಅಣ್ಣ, ಈಗ ಹಾಕು. ದಿನಾ ಹಾಕೋ ಹಾಗೇ ಹಾಕು, ಬೆಣ್ಣೆ ಮಾತ್ರ ಇಲ್ಲಿ ಬಂದು ಹಾಕೋಣ.” ದೋಸೆ ಏಳುವಷ್ಟರಲ್ಲಿ ಚಿತ್ರದ ತಟ್ಟೆಗೆ ಪಲ್ಯ ಬಡಿಸಿ. ಹಂಚಿನಿಂದ ಎದ್ದ ದೋಸೆಯನ್ನು ಮಡಚಿ ತಟ್ಟೆಗಿಟ್ಟು, ತಾಲೀಮಿನ ತಟ್ಟೆ ತೆಗೆದು ಗುರುತಿನ ಜಾಗದಲ್ಲಿ ಇದನ್ನಿಡಿ. ಚಟ್ನಿಯನ್ನು ಸೌಟಿನಲ್ಲಿ ಚೆನ್ನಾಗಿ ಕಲಕಿ ಬಟ್ಟಲಿಗೆ ಹಾಕಿ. ಪರದೆಯಲ್ಲಿ ದೋಸೆಯ ಹತ್ತಿರದ ಅಂಚನ್ನು ಮುಟ್ಟಿ ಫೋಕಸ್ ಮಾಡಿ. ಕೊನೆಯಲ್ಲಿ ಬೆಣ್ಣೆ. ಎಂದಿನ ಚಮಚ, ಎಂದಿನ ಅಳತೆ. ಹಾಕಿದ ಕೂಡಲೇ ಚಿತ್ರ ತೆಗೆಯಲು ಶುರುಮಾಡಿ, ಎರಡು ಮೂರು ಸೆಕೆಂಡಿಗೊಂದರಂತೆ ಬೆಣ್ಣೆ ಪೂರ್ತಿ ಕರಗುವವರೆಗೂ ತೆಗೆಯುತ್ತಿರಿ. ಉಂಡೆಯ ನಡು ಇನ್ನೂ ಗಟ್ಟಿಯಿದ್ದು ಅಂಚು ಹರಿಯತೊಡಗಿದ ಗಳಿಗೆ ಒಂದಿರುತ್ತದೆ. ಆಮೇಲೆ ಚಿತ್ರಗಳನ್ನು ಸಾಲಾಗಿ ನೋಡಿದಾಗ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ.

ಈ ಇಡೀ ಕೆಲಸದಲ್ಲಿ ಗಿರಾಕಿಗೆ ಸಿಗದ ಒಂದೇ ಒಂದು ವಸ್ತುವೂ ಇಲ್ಲ. ಬೆಣ್ಣೆಯ ಪ್ರಮಾಣ ಬದಲಾಗಿಲ್ಲ, ಅದನ್ನು ಹಾಕಿದ ಜಾಗ ಮಾತ್ರ ಬದಲಾಗಿದೆ. ಹಂಚಿನ ಮೇಲೆ ಹಾಕುವ ಬದಲು ಟೇಬಲಿನಲ್ಲಿ ಹಾಕಿದ್ದೇವೆ.

ಕೋನದ ಬಗ್ಗೆ ಒಂದು ಮಾತು. ಬಾಳೆಲೆ ಊಟಕ್ಕೆ ಮೇಲಿನಿಂದ ನೇರ ನೋಟವೇ ಸರಿ, ಏಕೆಂದರೆ ಅಲ್ಲಿ ಎತ್ತರಕ್ಕಿಂತ ಯಾವುದು ಎಲ್ಲಿ ಬಡಿಸಿದೆ ಎಂಬುದೇ ಮುಖ್ಯ. ಚಿತ್ರವನ್ನು ಉಣ್ಣುವವರು ಕೂರುವ ಬದಿಯಿಂದಲೇ ತೆಗೆಯಬೇಕು. ಎಲೆಯ ತುದಿ ಎಡಕ್ಕಿರಬೇಕು. ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದರೆ ಕೆಲವು ಫೋನುಗಳು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ. ಆಗ ತುದಿ ಬಲಕ್ಕೆ ಬರುತ್ತದೆ, ಉಪ್ಪು ಉಪ್ಪಿನಕಾಯಿ ಬಡಿಸಿದ ಕಡೆ ಅದಲು ಬದಲಾಗುತ್ತದೆ. ಹೊರಗಿನವರಿಗೆ ಗೊತ್ತಾಗದಿರಬಹುದು, ನಮ್ಮ ಊರಿನ ಅಜ್ಜಿಯರ ಕಣ್ಣಿಗೆ ಮೊದಲು ಬೀಳುವುದೇ ಅದು. ಬಟ್ಟಲಲ್ಲಿ ನಿಂತ ಫಿಲ್ಟರ್ ಕಾಫಿ ಲೋಟಕ್ಕೆ ಮಾತ್ರ ಟೇಬಲ್ ಮಟ್ಟದ ನೋಟ ಬೇಕು, ನೊರೆಯ ಎತ್ತರ ಕಾಣಬೇಕಲ್ಲ.

ಗಾಜಿನ ಗೋಲಿಗಳ ಕಥೆ

ಜಾಹೀರಾತಿನ ಅಡುಗೆಮನೆಯಲ್ಲಿ ನಡೆಯುತ್ತ ಬಂದ ಚಮತ್ಕಾರಗಳಿಗೆ ಲೆಕ್ಕವಿಲ್ಲ. ಬಟ್ಟಲಿನ ಹಾಲಿನ ಬದಲು ಬಿಳಿ ಅಂಟು, ದೀಪದ ಬಿಸಿಗೆ ಕರಗದಿರಲೆಂದು ಐಸ್‌ಕ್ರೀಮ್ ಬದಲು ಅರೆದ ಆಲೂಗಡ್ಡೆ, ತಣ್ಣನೆಯ ಲೋಟದ ಮೇಲಿನ ಹನಿಗೆ ಗ್ಲಿಸರಿನ್. ಈ ಪೈಕಿ ಹೆಸರಾದದ್ದು ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಪ್ರಕರಣ. ಆ ಕಂಪನಿಯ ಜಾಹೀರಾತಿನಲ್ಲಿ ಸೂಪಿನ ಬಟ್ಟಲ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿದ್ದರು. ತರಕಾರಿ ಚೂರುಗಳು ಗೋಲಿಯ ಮೇಲೆ ಕೂತು ಸೂಪಿನ ಮೇಲ್ಮೈಯಲ್ಲಿ ತುಂಬಿತುಳುಕುವಂತೆ ಕಂಡವು. ಅಲ್ಲಿನ ವ್ಯಾಪಾರ ನಿಯಂತ್ರಣ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿಯಿತು. 1970ರಲ್ಲಿ ಕಂಪನಿ ಆ ಕೆಲಸ ಮುಂದೆ ಮಾಡುವುದಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು.

ಈ ಕಥೆ ನಮ್ಮ ಸಾಂಬಾರ್ ಬಟ್ಟಲಿಗೂ ಸಲ್ಲುತ್ತದೆ. ಚೂರುಗಳು ತಳಕ್ಕಿಳಿಯುವುದು ಸಹಜ. ಮೇಲಿನಿಂದ ತೆಗೆದರೆ ಎಷ್ಟೇ ತರಕಾರಿ ಹಾಕಿದ ಹುಳಿಯೂ ಬರೀ ತಿಳಿಯಾಗಿ ಕಾಣುತ್ತದೆ. ಅದು ಕೂಡ ನಿಜ ಚಿತ್ರವಲ್ಲ. ಗೋಲಿ ಹಾಕದೆಯೇ ಇದಕ್ಕೆ ದಾರಿಯುಂಟು. ಪಾತ್ರೆಯ ತಳದಿಂದ ಒಮ್ಮೆ ಕಲಕಿ, ಎಂದಿನ ಒಂದು ಸೌಟು ಎತ್ತಿ, ಬಟ್ಟಲಿನ ಮೇಲೆ ಸೌಟು ಇರುವಾಗಲೇ ಚಿತ್ರ ತೆಗೆಯಿರಿ. ಸೌಟಿನಲ್ಲಿ ಎಷ್ಟು ನುಗ್ಗೆಕಾಯಿ, ಎಷ್ಟು ಈರುಳ್ಳಿ ಬಂದಿದೆಯೋ ಅಷ್ಟೇ ಗಿರಾಕಿಗೂ ಬರುವುದು. ಹತ್ತು ಬಟ್ಟಲಿನ ತರಕಾರಿಯನ್ನು ಆರಿಸಿ ಒಂದಕ್ಕೆ ತುಂಬಿದರೆ ಅದು ಗೋಲಿ ಹಾಕಿದ್ದಕ್ಕೆ ಸಮ.

ಇಲ್ಲಿಂದ ಒಂದು ಅಳತೆಗೋಲು ಸಿಗುತ್ತದೆ. ಚಿತ್ರ ತೆಗೆದ ತಟ್ಟೆಯನ್ನು ಹಾಗೇ ಎತ್ತಿ ಪಕ್ಕದ ಟೇಬಲಿನ ಗಿರಾಕಿಗೆ ಕೊಟ್ಟು, ಮೆನುವಿನಲ್ಲಿರುವ ಬೆಲೆ ತೆಗೆದುಕೊಳ್ಳಬಹುದೇ? ಹೌದಾದರೆ ಮಾಡಿದ ಸಿಂಗಾರವೆಲ್ಲ ಒಪ್ಪಿತ. ತಟ್ಟೆಯ ಅಂಚಿಗೆ ಚೆಲ್ಲಿದ ಚಟ್ನಿ ಒರೆಸಬಹುದು. ಹತ್ತು ಇಡ್ಲಿಯಲ್ಲಿ ಒಡೆಯದ ಎರಡನ್ನು ಆರಿಸಬಹುದು. ಒಣಗಿದ ಪಲ್ಯವನ್ನು ಚಮಚದಲ್ಲಿ ತಿರುವಿ ಅದೇ ಒಗ್ಗರಣೆಯ ಎರಡು ಹನಿ ಎಣ್ಣೆ ಸವರಬಹುದು. ದಿನವೂ ಹಾಕುವ ಕೊತ್ತಂಬರಿಯನ್ನು ಕೊನೆಯ ಗಳಿಗೆಯಲ್ಲಿ ಹಾಕಬಹುದು. ದಿನವೂ ಹಾಕದ ಗೋಡಂಬಿಯನ್ನು ಉಪ್ಪಿಟ್ಟಿನ ಮೇಲೆ ಚೆಲ್ಲುವ ಹಾಗಿಲ್ಲ. ಎರಡು ವಡೆಯ ಬೆಲೆಗೆ ಮೂರನ್ನು ಜೋಡಿಸುವ ಹಾಗಿಲ್ಲ. ಚಿಕ್ಕ ತಟ್ಟೆ ತಂದು ಪೂರಿಯನ್ನು ದೊಡ್ಡದು ಮಾಡುವ ಹಾಗಿಲ್ಲ. ಗಾತ್ರದ ಬಗ್ಗೆ ಅನುಮಾನವೇ ಬೇಡವೆಂದರೆ ಚೌಕಟ್ಟಿನೊಳಗೆ ಹೋಟೆಲಿನ ಮಾಮೂಲು ನೀರಿನ ಲೋಟ ಇಡಿ. ಅದರ ಅಳತೆ ಎಲ್ಲರಿಗೂ ಗೊತ್ತು.

ಕಾನೂನೂ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕನ್ನೋ ಸೇವೆಯನ್ನೋ ಸುಳ್ಳಾಗಿ ಬಣ್ಣಿಸುವ, ಅದರ ಪ್ರಮಾಣ ಗುಣಮಟ್ಟಗಳ ಬಗ್ಗೆ ಜನರನ್ನು ತಪ್ಪು ದಾರಿಗೆ ಎಳೆಯುವ ಜಾಹೀರಾತು ದಿಕ್ಕುತಪ್ಪಿಸುವ ಜಾಹೀರಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಕಲಮಿನಲ್ಲಿ ಆಹಾರದ ಸುಳ್ಳು ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಒಂದು ದೋಸೆಯ ಫೋಟೊಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ ನಿಜ. ಸಣ್ಣ ಹೋಟೆಲಿಗೆ ನಿಜವಾದ ದಂಡ ಬೀಳುವುದು ಬೇರೆ ಕಡೆ: ಗಿರಾಕಿ ತನ್ನ ಮುಂದಿನ ತಟ್ಟೆಯ ಚಿತ್ರ ತೆಗೆದು ನಿಮ್ಮ ಚಿತ್ರದ ಪಕ್ಕಕ್ಕೇ ಹಾಕುತ್ತಾನೆ.

ತಿದ್ದುವುದು ಎಲ್ಲಿಯವರೆಗೆ

ಬೆಳಕು ಸರಿಯಾಗಿದ್ದ ಚಿತ್ರಕ್ಕೆ ತಿದ್ದುಪಡಿ ಹೆಚ್ಚು ಬೇಕಾಗದು. ಫೋನಿನಲ್ಲೇ ಇರುವ ಎಡಿಟರ್ ಸಾಕು, ಸ್ನ್ಯಾಪ್‌ಸೀಡ್‌ನಂಥ ಉಚಿತ ಆ್ಯಪ್ ಆದರೂ ಸರಿ. ಮೊದಲು ಓರೆಯಾಗಿದ್ದರೆ ನೆಟ್ಟಗೆ ಮಾಡಿ, ಸುತ್ತಲಿನ ಬೇಡದ್ದನ್ನು ಕತ್ತರಿಸಿ. ಆಮೇಲೆ ಬಣ್ಣದ ಛಾಯೆ. ಚಿತ್ರದಲ್ಲಿ ನಿಜಕ್ಕೂ ಬಿಳಿಯಾಗಿರುವ ಒಂದು ವಸ್ತು ಹುಡುಕಿ: ಮೊಸರು, ಅನ್ನ, ಬಟ್ಟಲಿನ ಪಕ್ಕದ ಕಾಗದದ ಕರವಸ್ತ್ರ. ಅದು ನೀಲಿಯಾಗಿದ್ದರೆ ಛಾಯೆಯನ್ನು ಹಳದಿಯ ಕಡೆಗೆ, ಹಳದಿಯಾಗಿದ್ದರೆ ನೀಲಿಯ ಕಡೆಗೆ ಸ್ವಲ್ಪ ಸರಿಸಿ ಅದನ್ನು ಬಿಳಿಗೆ ತನ್ನಿ. ಬಿಳಿ ಸರಿಯಾದರೆ ಉಳಿದ ಬಣ್ಣಗಳೂ ಹೆಚ್ಚು ಕಡಿಮೆ ಸರಿಯಾಗುತ್ತವೆ. ಕೊನೆಗೆ ಬೇಕಿದ್ದರೆ ಬೆಳಕು ಚೂರು ಏರಿಸಿ. ಅಲ್ಲಿಗೆ ನಿಲ್ಲಿಸಿ.

ಬಣ್ಣ ಗಾಢವಾಗಿಸುವ ಸ್ಯಾಚುರೇಷನ್ ಗೆರೆಯನ್ನು ಮುಟ್ಟದಿರುವುದೇ ಒಳ್ಳೆಯದು. ಅದನ್ನು ಏರಿಸಿದರೆ ಸಾಂಬಾರ್ ಕೆಂಪಾಗುತ್ತದೆ. ನೋಡಿದವರು ಇದು ಖಾರ ಎಂದುಕೊಳ್ಳುತ್ತಾರೆ. ಖಾರ ಬೇಡದವರು ಬರುವುದಿಲ್ಲ, ಖಾರ ಬಯಸಿ ಬಂದವರಿಗೆ ಸಪ್ಪೆ ಅನಿಸುತ್ತದೆ. ಎಲ್ಲವನ್ನೂ ಹಳದಿಗೆ ಎಳೆಯುವ ಫಿಲ್ಟರಿನಿಂದ ಮೊಸರು ನಿನ್ನೆಯದೆಂಬಂತೆ ಕಾಣುತ್ತದೆ. ಕೆಲವು ಫೋನುಗಳ ಕ್ಯಾಮೆರಾದಲ್ಲಿರುವ ಫುಡ್ ಮೋಡ್ ಇದೇ ಕೆಲಸವನ್ನು ತಾನಾಗಿ ಮಾಡುತ್ತದೆ. ಹಾಗಾಗಿ ಅದನ್ನು ಬಿಟ್ಟು ಸಾಮಾನ್ಯ ಫೋಟೊ ಮೋಡಿನಲ್ಲಿ ತೆಗೆಯಿರಿ. ತಿದ್ದಿ ಮುಗಿಸಿದ ಮೇಲೆ ತಟ್ಟೆ ಇನ್ನೂ ಎದುರಿಗಿರುವಾಗಲೇ ಫೋನನ್ನು ಅದರ ಪಕ್ಕ ಹಿಡಿದು ಎರಡನ್ನೂ ನೋಡಿ. ಮರುದಿನ ನೆನಪಿನಿಂದ ತಿದ್ದಿದರೆ ನಮ್ಮ ಮನಸ್ಸು ದೋಸೆಯನ್ನು ಇದ್ದದ್ದಕ್ಕಿಂತ ಹೊಂಬಣ್ಣಕ್ಕೆ ಎಳೆಯುತ್ತದೆ.

ಚಿತ್ರವನ್ನು ಮೆನು ಅಚ್ಚು ಹಾಕುವವರಿಗೆ ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ, ಅಚ್ಚಿನಲ್ಲಿ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಇನ್ನು ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಚಿತ್ರ ಹೆಬ್ಬೆರಳಗಲವಷ್ಟೇ ಕಾಣುತ್ತದೆ, ಒಂದೊಂದು ಕಡೆ ಒಂದೊಂದು ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಚಿತ್ರಕ್ಕೆ ಒಂದೇ ತಿಂಡಿ ಇರಲಿ, ಸುತ್ತ ಸ್ವಲ್ಪ ಖಾಲಿ ಜಾಗ ಇರಲಿ. ಫೋನನ್ನು ತೋಳುದ್ದ ದೂರ ಹಿಡಿದಾಗಲೂ ಇದು ದೋಸೆ ಎಂದು ತಿಳಿಯಬೇಕು.

ಪಾರ್ಸಲ್‌ಗೆ ಬೇರೆ ಚಿತ್ರ

ಪ್ರಾಮಾಣಿಕತೆ ಹೆಚ್ಚು ಜಾರುವುದು ಪಾರ್ಸಲಿನಲ್ಲಿ. ಟೇಬಲಿನಲ್ಲಿ ಗರಿಗರಿಯಾಗಿ ನಿಂತ ದೋಸೆ ಡಬ್ಬಿಯೊಳಗೆ ತನ್ನದೇ ಹಬೆಗೆ ಮೆತ್ತಗಾಗುತ್ತದೆ, ಬೆಣ್ಣೆ ಕರಗಿ ಒಳಗಿಳಿಯುತ್ತದೆ. ಆ್ಯಪ್‌ನಲ್ಲಿ ಹಾಕಿರುವುದು ಟೇಬಲಿನ ಚಿತ್ರ, ಮನೆಗೆ ಹೋಗುವುದು ಡಬ್ಬಿಯ ದೋಸೆ. ಹೋಟೆಲಿನವರು ಸುಳ್ಳು ಹೇಳಿಲ್ಲ, ಆದರೂ ಗಿರಾಕಿಗೆ ಮೋಸವಾದಂತೆ ಅನಿಸುತ್ತದೆ.

ಇದಕ್ಕೆ ಮಾಡಬೇಕಾದದ್ದು ಒಂದು ಪರೀಕ್ಷೆ. ಎಂದಿನಂತೆ ಒಂದು ಪಾರ್ಸಲ್ ಕಟ್ಟಿಸಿ, ಅರ್ಧ ಗಂಟೆ ಹಾಗೇ ಇಟ್ಟು, ಕಿಟಕಿಯ ಬಳಿ ಬಿಚ್ಚಿ ಚಿತ್ರ ತೆಗೆಯಿರಿ. ಕೆಲವು ತಿಂಡಿ ಈ ಅರ್ಧ ಗಂಟೆಯನ್ನು ಚೆನ್ನಾಗಿಯೇ ದಾಟುತ್ತವೆ: ಇಡ್ಲಿ, ಪುಳಿಯೋಗರೆ, ಪಲಾವ್. ಅವಕ್ಕೆ ಡಬ್ಬಿಯಲ್ಲಿದ್ದ ಚಿತ್ರವನ್ನೇ ಹಾಕಬಹುದು. ದೋಸೆ ದಾಟದಿದ್ದರೆ ಮೊದಲು ಕಟ್ಟುವ ಬಗೆ ಬದಲಿಸಿ ನೋಡಿ. ಬೆಣ್ಣೆಯನ್ನು ಪುಟ್ಟ ಡಬ್ಬಿಯಲ್ಲಿ, ಪಲ್ಯವನ್ನು ಬೇರೆಯಾಗಿ, ದೋಸೆಯನ್ನು ಹಬೆ ಹೊರಹೋಗುವ ಹಾಗೆ ಕಾಗದದಲ್ಲಿ. ಆಮೇಲೆ ಆ ನಾಲ್ಕನ್ನೂ ಬಿಚ್ಚಿಟ್ಟ ಹಾಗೆಯೇ ಚಿತ್ರ ತೆಗೆದು ಆ್ಯಪ್‌ಗೆ ಹಾಕಿ. ಮೆನುವಿನಲ್ಲಿರುವ ಚಿತ್ರದಷ್ಟು ಮೋಹಕವಾಗಿ ಅದು ಇರಲಿಕ್ಕಿಲ್ಲ. ಆದರೆ ಮನೆಯಲ್ಲಿ ಬಿಚ್ಚಿದವರಿಗೆ ಚಿತ್ರದಲ್ಲಿ ಕಂಡದ್ದೇ ಕೈಗೆ ಸಿಗುತ್ತದೆ.

ಚಿತ್ರಕ್ಕೂ ವಯಸ್ಸಾಗುತ್ತದೆ. ಎಣ್ಣೆ ಬೆಲೆ ಏರಿದಾಗ ವಡೆ ಒಂದು ಸುತ್ತು ಸಣ್ಣದಾಗುತ್ತದೆ, ತಟ್ಟೆ ಬದಲಾಗುತ್ತದೆ, ಕೆಂಪು ಚಟ್ನಿ ನಿಲ್ಲುತ್ತದೆ. ಗೋಡೆಯ ಚಿತ್ರ ಮಾತ್ರ ಹಳೆಯದೇ ಉಳಿಯುತ್ತದೆ. ಆಗಾಗ, ಗಿರಾಕಿ ತುಂಬಿರುವ ಹೊತ್ತಿನಲ್ಲೇ, ಯಾರಿಗೂ ಮುಂಚೆ ಹೇಳದೆ ಸಪ್ಲೈಯರ್ ಒಯ್ಯುತ್ತಿರುವ ಒಂದು ತಟ್ಟೆಯನ್ನು ಗೋಡೆಯ ಚಿತ್ರದ ಮುಂದೆ ಒಂದು ಕ್ಷಣ ನಿಲ್ಲಿಸಿ ನೋಡಿ. ಸಂಖ್ಯೆ, ಗಾತ್ರ, ಬಣ್ಣ, ಜೊತೆಗಿರುವ ಬಟ್ಟಲು ಈ ನಾಲ್ಕನ್ನು ಹೋಲಿಸಿ. ಚಿತ್ರದಲ್ಲಿ ಇದ್ದದ್ದು ತಟ್ಟೆಯಲ್ಲಿ ಇಲ್ಲದಿದ್ದರೆ ಎರಡರಲ್ಲಿ ಒಂದು ಅಂದೇ ಬದಲಾಗಬೇಕು. ಹಂಚಿನ ಮುಂದೆ ನಿಂತವರ ಕೈ ಅವಸರದಲ್ಲಿ ಹಿಂದೆ ಸರಿದಿದ್ದರೆ ತಟ್ಟೆ ಸರಿಹೋಗಲಿ. ಬೆಲೆಗೆ ಅಷ್ಟು ಕೊಡಲು ಇನ್ನು ಆಗದು ಎಂದಾದರೆ ಹಳೆಯ ಚಿತ್ರ ಇಳಿಸಿ, ಕಿಟಕಿಯ ಬಳಿ ಹೋಗಿ ಹೊಸದನ್ನು ತೆಗೆಯಿರಿ.